ಅಪ್‌ಡೇಟ್: ಸುಟ್ಟವನಿಗೆ ವಿಷ ಹತ್ತದು

ನಾನು ಕೇಳಿದ್ದು: "ಪೋಕೆಮಾನ್ ಎಮರಾಲ್ಡ್‌ನಲ್ಲಿ ಮೊದಲು ಬರ್ನ್ ಮಾಡಿ ಆಮೇಲೆ ಟಾಕ್ಸಿಕ್ ಹಾಕಿದರೆ ಪ್ರತಿ ಸಲ But it failed! ಅಂತ ಬರುತ್ತದೆ. ಯಾಕೆ?"

ಭಾನುವಾರ ಬದಿಯಡ್ಕದ ಮನೆಯಲ್ಲಿ, ಹೊರಗೆ ಜಡಿಮಳೆ, ತಮ್ಮನ ಜೊತೆ ಕೇಬಲ್ ಹಾಕಿ ಆಡಿ ನೋಡಿದೆ. ಆಕ್ಯುರೆಸಿ ಹೆಚ್ಚಿಸಿ ಎಂದ ಸಲಹೆ ಸುಮ್ನೆ ದಂಡ. "ಜಾಗ ಒಂದೇ" ಎಂದವರೇ ಸರಿ. ವಿಷ, ಬರ್ನ್, ಪ್ಯಾರಾಲಿಸಿಸ್ ಮೂರೂ ಒಂದೇ ಕುರ್ಚಿಗೆ ಕೂರುವವು. ಒಂದು ಕೂತರೆ ಇನ್ನೊಂದಕ್ಕೆ ಜಾಗವಿಲ್ಲ. ಕನ್ಫ್ಯೂಷನ್ ಮಾತ್ರ ಬೇರೆ ಲೆಕ್ಕ, ಅದು ಮೇಲಿಂದ ಸೇರಿಕೊಳ್ಳುತ್ತದೆ.

ಹಾಗಾಗಿ ಬರ್ನ್ ಬಿಟ್ಟು ನೇರ ಟಾಕ್ಸಿಕ್, ಆಮೇಲೆ ಕನ್ಫ್ಯೂಸ್ ರೇ. ತಮ್ಮನ ಸ್ವಾಂಪರ್ಟ್‌ಗೆ 160 ಎಚ್‌ಪಿ. ಮೊದಲ ಸುತ್ತಿಗೆ 10 ಹೋಯಿತು, ಆಮೇಲೆ 20, 30, 40, 50. ಐದು ಸುತ್ತಿಗೆ 150! ಬರ್ನ್ ಆಗಿದ್ದರೆ ಸುತ್ತಿಗೆ 20ರಂತೆ 100 ಅಷ್ಟೇ. ಆದರೆ ಬರ್ನ್ ಎದುರಾಳಿಯ ಫಿಸಿಕಲ್ ಏಟನ್ನು ಅರ್ಧ ಮಾಡುತ್ತದೆ, ಅದೂ ಲಾಭವೇ ಅಲ್ವಾ.

ಗೊತ್ತಿಲ್ಲದ್ದೊಂದು: ಎರಡನೇ ಆಟದಲ್ಲಿ ತಮ್ಮ ಮೂರನೇ ಸುತ್ತು ಮುಗಿದ ಕೂಡಲೇ ಸ್ವಾಂಪರ್ಟನ್ನು ಒಳಗೆ ಕರೆದ. ಮತ್ತೆ ಇಳಿಸಿದಾಗ ವಿಷ ಹಾಗೇ ಇತ್ತು, ಏಟು ಮಾತ್ರ ಪುನಃ 10ರಿಂದ ಶುರು! ಸ್ಟೀಲ್, ಪಾಯ್ಸನ್ ಜಾತಿಯವಕ್ಕಂತೂ ಟಾಕ್ಸಿಕ್ ತಾಗುವುದೇ ಇಲ್ಲ. ಅಲ್ಲಿ ಬರ್ನ್ ಹಾಕಿ.