ಪದಚರ್ಚೆ: ‘ಸಂಕಟಾ ದಶಾ ಭದ್ರಿಕಾಪಹಾರ’ ಎಂದರೆ ಏನು?

ಬದಿಯಡ್ಕದಿಂದ, ಪ್ರಶ್ನೆ

ಬಂಧುಗಳೇ,

ನಮ್ಮ ಸೋದರಮಾವ ಮನೆಮಂದಿಯ ಜಾತಕಗಳನ್ನೆಲ್ಲ ಒಂದು ಉದ್ದನೆಯ ಪುಸ್ತಕದಲ್ಲಿ ಬರೆದಿಟ್ಟಿದ್ದರು. ಅದರಲ್ಲಿ ನನ್ನ ತಮ್ಮನ ಪುಟದ ಅಂಚಿನಲ್ಲಿ ಕೆಂಪು ಶಾಯಿಯ ಒಂದು ಸಾಲಿದೆ: ‘ಯೋ. ಸಂಕಟಾ ದಶಾ ಭದ್ರಿಕಾಪಹಾರ, 2014 ಜುಲೈ – 2015 ಆಗಸ್ಟ್’. ಅದರ ಕೆಳಗೇ ‘ವಿಂ. ಬುಧ ದಶೆ ಚಂದ್ರ ಭುಕ್ತಿ, 2015 ಜನವರಿ ಕೊನೆಯಿಂದ’ ಎಂದಿದೆ. ಎರಡಕ್ಕೂ ಸೇರಿಸಿ ಒಂದು ಕಂಸ ಎಳೆದಿದ್ದಾರೆ.

ತಮ್ಮ ಶಾರ್ಜಾಕ್ಕೆ ಕೆಲಸಕ್ಕೆಂದು ಹೊರಟದ್ದು 2015ರ ಮಾರ್ಚ್‌ನಲ್ಲಿ. ಆಗ ಮಾವ ಇರಲಿಲ್ಲ. ಅಮ್ಮ ಆ ಸಾಲನ್ನು ಓದಿ, “ಸಂಕಟ ಅಂತ ಬರೆದಿದ್ದಾರೆ, ಅಪಹಾರ ಅಂತಲೂ ಬರೆದಿದ್ದಾರೆ, ಮಗ ಹೋದಲ್ಲಿ ಎಲ್ಲವನ್ನೂ ಕಳೆದುಕೊಳ್ಳುತ್ತಾನೆ” ಎಂದು ಮೂರು ದಿನ ಸರಿಯಾಗಿ ಊಟ ಮಾಡಲಿಲ್ಲ. ಅವನು ಹೋದ, ಕೆಲಸ ನಿಂತಿತು, ಏನೂ ಕಳವಾಗಲಿಲ್ಲ. ಆದರೆ ಆ ಎರಡು ಪದಗಳು ನನ್ನನ್ನು ಬಿಟ್ಟಿಲ್ಲ. ಯೋಗಿನಿ ದಶೆಯ ‘ಸಂಕಟಾ’ ನಮ್ಮ ಕನ್ನಡದ ‘ಸಂಕಟ’ವೇ? ಒಂದೇ ಪುಟದಲ್ಲಿ ಮಾವ ಒಂದು ಕಡೆ ‘ಅಪಹಾರ’ ಎಂದೂ ಇನ್ನೊಂದು ಕಡೆ ‘ಭುಕ್ತಿ’ ಎಂದೂ ಏಕೆ ಬರೆದರು? ಬಲ್ಲವರು ತಿಳಿಸಬೇಕು.

ಮಂಜೇಶ್ವರದಿಂದ

ಅಕ್ಕಾ, ಯೋಗಿನಿಯನ್ನು ನಮ್ಮ ಮನೆಯಲ್ಲಿ ಪ್ರಯಾಣಕ್ಕೆ ಮಾತ್ರ ನೋಡುತ್ತೇವೆ. ತಿಥಿಗೆ ಒಂದೊಂದು ದಿಕ್ಕು ಎಂದು ಪಂಚಾಂಗದಲ್ಲೇ ಇರುತ್ತದೆ. ಹೊರಡುವ ದಿಕ್ಕಿಗೆ ಯೋಗಿನಿ ಎದುರಾಗಬಾರದು, ಬೆನ್ನ ಹಿಂದೆ ಇದ್ದರೆ ಒಳ್ಳೆಯದು. ನಿಮ್ಮ ತಮ್ಮ ಹೊರಟ ದಿನ ಯೋಗಿನಿ ಎದುರಿಗಿತ್ತು, ಅದಕ್ಕೇ ಮಾವ ಸಂಕಟ ಎಂದು ಬರೆದಿರಬೇಕು.

ಹೊಸೂರಿನಿಂದ

ಮೇಲಿನವರು ಹೇಳಿದ್ದು ಬೇರೆ ಯೋಗಿನಿ. ಇಲ್ಲಿ ಕೇಳಿರುವುದು 36 ವರ್ಷಕ್ಕೆ ಒಂದು ಸುತ್ತು ಮುಗಿಯುವ ದಶೆ. ಮಂಗಲಾಗೆ 1 ವರ್ಷ, ಪಿಂಗಲಾಗೆ 2, ಹೀಗೆ ಒಂದೊಂದೇ ಏರುತ್ತ ಸಂಕಟಾಗೆ 8. ಅದರ ಒಡೆಯ ರಾಹು, ಆದ್ದರಿಂದ ಆ ಎಂಟು ವರ್ಷ ಸಂಕಟವೇ. ಹೆಸರೇ ಹೇಳುತ್ತದೆ.

ಇನ್ನು ‘ಅಪಹಾರ’ ಮಲಯಾಳಿಗಳ ಮಾತು, ಕನ್ನಡ ಜಾತಕಕ್ಕೆ ತಪ್ಪಾಗಿ ನುಗ್ಗಿದೆ. ಸರಿಯಾದದ್ದು ‘ಭುಕ್ತಿ’. ಅದರ ಮೂಲ ‘ಬುದ್ಧಿ’. ನಮ್ಮ ಸುತ್ತಲಿನ ತಮಿಳು ಜೋಯಿಸರು ‘ದಶಾ ಬುದ್ಧಿ’ ಎಂದೇ ಹೇಳುತ್ತಾರೆ. ದಶಾನಾಥನಿಗೆ ಬುದ್ಧಿ ಹೇಳುವ ಗ್ರಹ ಎಂದು ಅರ್ಥ.

ಪೆರ್ಲದಿಂದ, ನಿವೃತ್ತ ಸಂಸ್ಕೃತ ಅಧ್ಯಾಪಕರು

ತಂಗೀ, ಮೊದಲು ಅಮ್ಮನಿಗೆ ಹೇಳಿ: ಆ ಸಾಲಿನಲ್ಲಿ ಕಳ್ಳತನದ ಸುದ್ದಿಯೇ ಇಲ್ಲ.

‘ಅಪಹಾರ’ ನಮ್ಮ ಕಾಸರಗೋಡಿನ ಕಡೆ ಮಲಯಾಳದ ಬಳಕೆಯಿಂದ ಬಂದಿರಬಹುದು, ಆದರೆ ಪದ ಮಲಯಾಳದ್ದಲ್ಲ. ಸಂಸ್ಕೃತದ ಜಾತಕ ಗ್ರಂಥಗಳಲ್ಲೇ ‘ದಶಾಪಹಾರ’ ಎಂಬ ಸಮಾಸ ಉಂಟು. ಒಬ್ಬ ಗ್ರಹನ ಕಾಲದೊಳಗಿಂದ ಇನ್ನೊಬ್ಬ ತನ್ನ ಪಾಲನ್ನು ತೆಗೆದುಕೊಳ್ಳುತ್ತಾನೆ, ಆ ತೆಗೆದುಕೊಳ್ಳುವಿಕೆಯೇ ಅಪಹಾರ. ‘ಭುಕ್ತಿ’ಯ ಮೂಲ ಭುಜ್ ಧಾತು, ಅಂದರೆ ಉಣ್ಣುವುದು, ಅನುಭವಿಸುವುದು. ಅದೇ ಪಾಲನ್ನು ಒಬ್ಬರು ‘ತೆಗೆದುಕೊಂಡ’ ಎಂದರು, ಇನ್ನೊಬ್ಬರು ‘ಉಂಡ’ ಎಂದರು. ಹೊಸೂರಿನ ಗೆಳೆಯರು ಕೇಳಿದ ‘ಬುದ್ಧಿ’ ಇದೇ ಭುಕ್ತಿ ತಮಿಳಿನ ನಾಲಿಗೆಯಲ್ಲಿ ಪಡೆದ ರೂಪ. ಅಲ್ಲಿಂದ ಹಿಂದಕ್ಕೆ ಬಂದು ಭುಕ್ತಿಗೆ ಬುದ್ಧಿಯ ಅರ್ಥ ಕೊಡಲಾಗದು.

ಒಂದು ಎಚ್ಚರಿಕೆ ಇಲ್ಲೇ ಹೇಳಬೇಕು. ಹಳೆಯ ಜಾತಕಗಳಲ್ಲಿ ‘ಭುಕ್ತ’ ಎಂದೂ ಇರುತ್ತದೆ. ಅದು ಭುಕ್ತಿಯಲ್ಲ. ಹುಟ್ಟುವ ಮೊದಲೇ ಕಳೆದುಹೋದ ದಶೆಯ ಭಾಗ ಭುಕ್ತ, ಅನುಭವಿಸಲು ಉಳಿದದ್ದು ಭೋಗ್ಯ. ಎರಡನ್ನು ಬೆರೆಸಿಕೊಂಡರೆ ವರ್ಷಗಳೇ ತಪ್ಪುತ್ತವೆ.

ಇನ್ನು ‘ಸಂಕಟಾ’. ಯೋಗಿನಿ ದಶೆಯ ಎಂಟು ಹೆಸರುಗಳೂ ದೇವಿಯರ ಹೆಸರು, ಸ್ತ್ರೀಲಿಂಗ. ಕಾಶಿಯಲ್ಲಿ ಸಂಕಟಾ ದೇವಿಯ ಗುಡಿ ಇದೆ, ಅಲ್ಲಿನ ಘಾಟಿಗೂ ಅದೇ ಹೆಸರು. ಸಂಕಟ ಕೊಡುವವಳು ಎಂದು ಯಾರೂ ಅವಳ ಬಾಗಿಲಿಗೆ ಹೋಗುವುದಿಲ್ಲ, ಸಂಕಟ ಕಳೆಯುವವಳು ಎಂದು ಹೋಗುತ್ತಾರೆ. ಕನ್ನಡದ ಜಾಯಮಾನದಲ್ಲಿ ಸೀತಾ ಸೀತೆಯಾಗುತ್ತಾಳೆ, ಭದ್ರಿಕಾ ಭದ್ರಿಕೆಯಾಗುತ್ತಾಳೆ. ಹಾಗೆಯೇ ‘ಸಂಕಟೆ’ ಎಂದು ಬರೆದಿದ್ದರೆ ಯಾರೂ ಹೆದರುತ್ತಿರಲಿಲ್ಲ. ಕೊನೆಯ ದೀರ್ಘವನ್ನು ಬಿಟ್ಟು ‘ಸಂಕಟ ದಶೆ’ ಎಂದು ಓದಿದ್ದರಿಂದ ದೇವಿಯ ಹೆಸರು ರೋಗದ ಹೆಸರಾಯಿತು. ನಾನಂತೂ ಸಂಕಟೆ, ಸಿದ್ಧೆ, ಉಲ್ಕೆ ಎಂದೇ ಬರೆಯುತ್ತೇನೆ.

ಫಲ ಹೇಳುವವರು ಹೆಸರನ್ನು ಹಿಡಿದೇ ಫಲ ಕಟ್ಟಿದ್ದುಂಟು, ಅದನ್ನು ಒಪ್ಪುತ್ತೇನೆ. ಭ್ರಾಮರಿಯಲ್ಲಿ ಊರೂರು ಅಲೆದಾಟ ಎನ್ನುತ್ತಾರೆ. ಅದು ‘ಭ್ರಮಣ’ದ ನೆನಪು. ನಮಗೆ ಕಟೀಲಿನ ಭ್ರಮರಾಂಬಿಕೆ ಗೊತ್ತಿರುವುದರಿಂದ ದುಂಬಿ ನೆನಪಾಗುತ್ತದೆ. ಆದ್ದರಿಂದ ಹೆಸರಿನಿಂದ ಫಲ ಹೇಳಬಾರದು. ಆ ಯೋಗಿನಿಯ ಒಡೆಯ ಗ್ರಹ ಆ ಜಾತಕದಲ್ಲಿ ಯಾವ ಭಾವಕ್ಕೆ ಅಧಿಪತಿ, ಎಲ್ಲಿ ಕುಳಿತಿದ್ದಾನೆ ಎಂದು ನೋಡಬೇಕು. ನಿಮ್ಮ ಮಾವ ಕಂಸ ಎಳೆದದ್ದು ಆ ಕಾರಣಕ್ಕೇ ಎಂದು ನನ್ನ ಊಹೆ. ತಮ್ಮನ ನಕ್ಷತ್ರ, ಲಗ್ನ ತಿಳಿಸಿದರೆ ಹೇಳಬಹುದು.

ಜತ್ತದಿಂದ

ನಮ್ಮ ಕಡೆಯ ಮರಾಠಿ ಜಾತಕಗಳಲ್ಲಿ ‘ಅಂತರ್ದಶಾ’ ಎಂದೇ ಇರುತ್ತದೆ, ಭುಕ್ತಿಯೂ ಇಲ್ಲ, ಅಪಹಾರವೂ ಇಲ್ಲ. ನನ್ನದು ಬೇರೆ ಸಂಗತಿ. ಮೂರು ವರ್ಷದ ಯೋಗಿನಿಯನ್ನು ನಮ್ಮ ಮಾವನವರ ಕುಂಡಲಿಯಲ್ಲಿ ‘ಧಾನ್ಯಾ’ ಎಂದು ಬರೆದಿದ್ದಾರೆ. ಆ ಮೂರು ವರ್ಷ ಜೋಳ ಚೆನ್ನಾಗಿ ಬರುತ್ತದೆ ಎಂದು ಅವರು ಪಕ್ಕದ ಹೊಲವನ್ನೂ ಲಾವಣಿಗೆ ಹಿಡಿದರು. ಎರಡು ವರ್ಷ ಮಳೆಯೇ ಬರಲಿಲ್ಲ. ಮಗಳ ಕುಂಡಲಿಯಲ್ಲಿ ಅದೇ ಹೆಸರು ‘ಧನ್ಯಾ’ ಎಂದಿದೆ. ಯಾವುದು ಸರಿ?

ಬದಿಯಡ್ಕದಿಂದ, ಪ್ರಶ್ನೆ ಕೇಳಿದವಳು

ಮಾಸ್ತರರೇ, ನಿಮ್ಮ ಉತ್ತರವನ್ನು ಅಮ್ಮನಿಗೆ ಓದಿ ಹೇಳಿದೆ. ‘ಸಂಕಟೆ’ ಎಂದು ಎರಡು ಸಲ ಹೇಳಿ ನೋಡಿದರು. ತಮ್ಮ 1985ರ ಜನವರಿಯಲ್ಲಿ ರಾತ್ರಿ ಹುಟ್ಟಿದವನು. ಪುನರ್ವಸು ನಕ್ಷತ್ರ, ಸುಮಾರು ಮುಕ್ಕಾಲು ಭಾಗ ಕಳೆದಿತ್ತು; ಕರ್ಕ ರಾಶಿ, ಸಿಂಹ ಲಗ್ನ.

ಪೆರ್ಲದಿಂದ

ಹಾಗಾದರೆ ಮಾವನ ಲೆಕ್ಕ ಹಿಡಿದುಕೊಳ್ಳಬಹುದು. ಪುನರ್ವಸು ಅಶ್ವಿನಿಯಿಂದ ಏಳನೆಯದು. ಅದಕ್ಕೆ ಮೂರು ಕೂಡಿಸಿದರೆ ಹತ್ತು, ಎಂಟು ಕಳೆದರೆ ಎರಡು. ಎರಡನೆಯ ಯೋಗಿನಿ ಪಿಂಗಲೆ, ಅವಳಿಗೆ ಎರಡು ವರ್ಷ. ನಕ್ಷತ್ರದ ಕಾಲು ಭಾಗ ಉಳಿದಿದ್ದರಿಂದ ಭೋಗ್ಯ ಆರು ತಿಂಗಳು. 1985ರ ಜುಲೈಗೆ ಪಿಂಗಲೆ ಮುಗಿಯಿತು. ಅಲ್ಲಿಂದ ಧಾನ್ಯೆ, ಭ್ರಾಮರಿ, ಭದ್ರಿಕೆ, ಉಲ್ಕೆ, ಸಿದ್ಧೆ ಸೇರಿ 25 ವರ್ಷ. ಹಾಗಾಗಿ ಸಂಕಟೆ ಬಂದದ್ದು 2010ರ ಜುಲೈಗೆ.

ಒಳಗಿನ ಪಾಲು ಕಂಡುಹಿಡಿಯಲು ಎರಡೂ ಯೋಗಿನಿಯರ ವರ್ಷಗಳನ್ನು ಗುಣಿಸಿ 36ರಿಂದ ಭಾಗಿಸಬೇಕು. ಸಂಕಟೆಯಲ್ಲಿ ಭದ್ರಿಕೆಗೆ ಎಂಟೈದಲ 40, ಅಂದರೆ 1 ವರ್ಷ 1 ತಿಂಗಳು 10 ದಿನ. ಅವಳ ಸರದಿ ಬರುವಷ್ಟರಲ್ಲಿ ನಾಲ್ಕು ವರ್ಷ ಕಳೆದಿರುತ್ತದೆ. 2014ರ ಜುಲೈಯಿಂದ 2015ರ ಆಗಸ್ಟ್ ನಡುವಿನವರೆಗೆ. ಮಾವ ಬರೆದದ್ದು ಸರಿಯಾಗಿದೆ.

ಈಗ ಕಂಸದ ಅರ್ಥ. ಮಾವನ ‘ವಿಂ.’ ಎಂದರೆ ವಿಂಶೋತ್ತರಿ, ಗ್ರಹಗಳ ಹೆಸರಿನಲ್ಲೇ ನಡೆಯುವ ಇನ್ನೊಂದು ದಶಾ ಪದ್ಧತಿ. ಅದರಲ್ಲಿ ತಮ್ಮನಿಗೆ ಬುಧ ದಶೆ 2008ರಿಂದ 2025ರವರೆಗೆ. ಅದರೊಳಗೆ ಚಂದ್ರ ಭುಕ್ತಿ 17 ತಿಂಗಳು. ಸಿಂಹ ಲಗ್ನಕ್ಕೆ ಚಂದ್ರ ವ್ಯಯಾಧಿಪತಿ, ಕುಳಿತದ್ದೂ ಕರ್ಕದಲ್ಲಿ, ಹನ್ನೆರಡರಲ್ಲೇ. ಪರದೇಶದ ಸೂಚನೆ. ಬುಧ ಎರಡಕ್ಕೂ ಹನ್ನೊಂದಕ್ಕೂ ಅಧಿಪತಿ, ಹಣ ಮತ್ತು ಲಾಭ. ಭದ್ರಿಕೆಯ ಒಡೆಯನೂ ಬುಧನೇ. ವಿಂಶೋತ್ತರಿ ಮಾತ್ರ ನೋಡಿದರೆ 2016ರ ನಡುವಿನವರೆಗೆ ಯಾವಾಗ ಬೇಕಾದರೂ ಆಗಬಹುದಿತ್ತು. ಯೋಗಿನಿಯಲ್ಲೂ ಬುಧನೇ ಬಂದ ಕಾಲವನ್ನು ಅದರ ಮೇಲೆ ಇಟ್ಟಾಗ ಫೆಬ್ರವರಿಯಿಂದ ಆಗಸ್ಟ್‌ವರೆಗಿನ ಸುಮಾರು ಏಳು ತಿಂಗಳು ಮಾತ್ರ ಉಳಿಯುತ್ತದೆ. ಏನಾಗುತ್ತದೆ ಎಂಬುದನ್ನು ವಿಂಶೋತ್ತರಿಯಿಂದ ತೆಗೆದು, ಯಾವಾಗ ಎಂಬುದನ್ನು ಯೋಗಿನಿಯಿಂದ ಬಿಗಿ ಮಾಡುವುದು ಇದನ್ನು ಬಳಸುವವರ ಕ್ರಮ. ಎರಡೂ ಬೇರೆ ಬೇರೆ ಕಡೆ ಬೆರಳು ತೋರಿಸಿದರೆ ಸುಮ್ಮನಿರಬೇಕು, ಬೇಕಾದದ್ದನ್ನು ಆರಿಸಿಕೊಳ್ಳಬಾರದು.

ಜತ್ತದ ತಂಗಿಗೆ: ಎರಡೂ ರೂಪಗಳು ಕಾಣುತ್ತವೆ. ಗುರುವಿನ ಯೋಗಿನಿಯಾದ್ದರಿಂದ ‘ಧನ್ಯಾ’ ಹೊಂದುತ್ತದೆ ಎನಿಸುತ್ತದೆ, ಆದರೆ ‘ಧಾನ್ಯಾ’ ತಪ್ಪು ಎನ್ನಲು ನನಗೆ ಧೈರ್ಯವಿಲ್ಲ. ಮೇಲೆ ನಾನೂ ರೂಢಿಯಿಂದ ಹಾಗೆಯೇ ಬರೆದಿದ್ದೇನೆ.

ಹೊಸೂರಿನಿಂದ

ಭುಕ್ತಿಯ ವಿಷಯ ಒಪ್ಪಿದೆ, ಮಾಸ್ತರರೇ. ಆದರೆ ಒಂದು ಮಾತು. ನಮ್ಮ ಕಡೆ ಹಿರಿಯರು ಗುಣಿಸಿ ಬಂದ ಸಂಖ್ಯೆಗೆ ಹತ್ತು ದಿನ ಎಂದು ಬಾಯಿಲೆಕ್ಕ ಹಾಕುತ್ತಿದ್ದರು. ನಲವತ್ತಕ್ಕೆ 400 ದಿನ. ಅದು 360 ದಿನದ ವರ್ಷ. ಹಾಗೆ ಲೆಕ್ಕ ಹಾಕಿದರೆ ಭದ್ರಿಕೆ 2014ರ ಫೆಬ್ರವರಿಗೇ ಶುರುವಾಗಿ 2015ರ ಮಾರ್ಚ್‌ಗೆ ಮುಗಿಯುತ್ತಾಳೆ. ನಿಮ್ಮ ಏಳು ತಿಂಗಳು ಎರಡಕ್ಕಿಳಿಯುತ್ತದೆ. ಇನ್ನು ಹುಟ್ಟಿದ ಹೊತ್ತು ಒಂದು ಗಂಟೆ ಹೆಚ್ಚುಕಡಿಮೆಯಾದರೆ?

ಪೆರ್ಲದಿಂದ

ಒಳ್ಳೆಯ ಪ್ರಶ್ನೆ. ಮೊದಲನೆಯದಕ್ಕೆ ಉತ್ತರ ಪುಸ್ತಕದಲ್ಲೇ ಇದೆ. ಮಾವ ಜುಲೈ ಎಂದು ಬರೆದಿದ್ದಾರೆ, ಆದ್ದರಿಂದ ಅವರು ಸೌರ ವರ್ಷ ಹಿಡಿದವರು. 360 ದಿನದ ಪದ್ಧತಿಯವರೂ ಇದ್ದಾರೆ. ಮೂವತ್ತು ವರ್ಷಕ್ಕೆ ಐದು ತಿಂಗಳ ಅಂತರ ಬೀಳುತ್ತದೆ. ಯಾವುದನ್ನೇ ಹಿಡಿದರೂ ವಿಂಶೋತ್ತರಿಗೂ ಯೋಗಿನಿಗೂ ಒಂದೇ ಅಳತೆ ಇರಬೇಕು.

ಎರಡನೆಯದರಲ್ಲಿ ಯೋಗಿನಿಯ ಗುಣ ಕಾಣುತ್ತದೆ. ಚಂದ್ರ ಒಂದು ನಕ್ಷತ್ರ ದಾಟಲು ಹೆಚ್ಚುಕಡಿಮೆ ಒಂದು ದಿನ ಬೇಕು. ಒಂದು ಗಂಟೆ ತಪ್ಪಿದರೆ ಭೋಗ್ಯದಲ್ಲಿ ಇಪ್ಪತ್ತನಾಲ್ಕನೇ ಒಂದು ಪಾಲು ತಪ್ಪುತ್ತದೆ. ಈ ಜಾತಕದಲ್ಲಿ 16 ವರ್ಷದ ಗುರು ದಶೆಗೆ ಅದು ಎಂಟು ತಿಂಗಳು, 2 ವರ್ಷದ ಪಿಂಗಲೆಗೆ ಒಂದೇ ತಿಂಗಳು. ಗಡಿಯಾರ ಸರಿಯಿಲ್ಲದ ಮನೆಯಲ್ಲಿ ಹುಟ್ಟಿದವರಿಗೆ ಇದು ದೊಡ್ಡ ಅನುಕೂಲ. ಆದರೆ ಸಂಕಟೆಯಲ್ಲೇ ಹುಟ್ಟಿದವರಿಗೆ ನಾಲ್ಕು ತಿಂಗಳು ತಪ್ಪಬಹುದು.

ಬದಿಯಡ್ಕದಿಂದ

ಮಾಸ್ತರರೇ, ಇವತ್ತು ಪುಸ್ತಕವನ್ನು ಬೆಳಕಿಗೆ ಹಿಡಿದು ನೋಡಿದೆ. ‘2014 ಜುಲೈ’ ಎಂಬುದರ ತಲೆಯ ಮೇಲೆ ಪೆನ್ಸಿಲ್‌ನಲ್ಲಿ ಸಣ್ಣದಾಗಿ ‘ಕೇ.’ ಎಂದಿದೆ. ಮೊದಲು ಕಂಡಿರಲಿಲ್ಲ.

ಪೆರ್ಲದಿಂದ

ಅದು ಕೇತು ಇರಬೇಕು. ಸಂಕಟೆಯ ಎಂಟು ವರ್ಷದಲ್ಲಿ ಮೊದಲ ನಾಲ್ಕು ರಾಹುವಿಗೆ, ನಂತರದ ನಾಲ್ಕು ಕೇತುವಿಗೆ ಎಂದು ಹೇಳುವವರಿದ್ದಾರೆ. ಲೆಕ್ಕ ನೋಡಿ, ಅರ್ಧಕ್ಕೆ ಸರಿಯಾಗಿ ಭದ್ರಿಕೆಯೇ ಶುರುವಾಗುತ್ತಾಳೆ, ಎಲ್ಲರ ಜಾತಕದಲ್ಲೂ. ನಾನು ಕಲಿತ ಕಡೆ ಎಂಟೂ ರಾಹುವಿಗೇ. ನಿಮ್ಮ ಮಾವ ಇನ್ನೊಂದು ಪಾಠದವರು ಎಂದಾಯಿತು. ಪೆನ್ಸಿಲ್‌ನಲ್ಲಿ ಬರೆದದ್ದರಿಂದ ಅವರಿಗೂ ಪೂರ್ತಿ ನಿಶ್ಚಯ ಇರಲಿಲ್ಲವೇನೋ. ಹಳೆಯ ಜಾತಕ ಪುಸ್ತಕಗಳಿರುವ ಮನೆಯವರು ಸಂಕಟೆಯ ನಡುವೆ ಹೀಗೆ ‘ಕೇ.’ ಗುರುತು ಇದೆಯೇ ಎಂದು ನೋಡಿ ಬರೆಯಿರಿ.