‘A ಯ ಪೂರಕ’ ಎಂದರೆ ಯಾವುದು?

ಪ್ರಶ್ನೆ (ಕೋಲಾರ):
ಮಾನ್ಯರೇ, ಬಿ.ಎಸ್ಸಿ. ವಿದ್ಯಾರ್ಥಿಗಳ ಗಣಿತ ಟಿಪ್ಪಣಿಯೊಂದರ ಕರಡನ್ನು ತಿದ್ದುತ್ತಿದ್ದೇನೆ. ಅದರಲ್ಲಿ “ಮಾತೃಕೆಯನ್ನು A, B, C, D ಎಂಬ ನಾಲ್ಕು ಖಂಡಗಳಾಗಿ ವಿಭಜಿಸಿ, ಮೊದಲು A ಯ ವಿಲೋಮವನ್ನೂ ಅನಂತರ A ಯ ಪೂರಕದ ವಿಲೋಮವನ್ನೂ ಕಂಡುಹಿಡಿಯಿರಿ” ಎಂದಿದೆ. ಗಣಗಳ ಪಾಠದಲ್ಲಿ ಪೂರಕವೆಂದರೆ ಉಳಿದ ಭಾಗ. ಹಾಗಾದರೆ ಇಲ್ಲಿ D ಖಂಡವೇ ಪೂರಕವೇ? ಕೊಟ್ಟಿರುವ ಉದಾಹರಣೆ ಇದು:

```
1 1 | 0 1
0 1 | 1 0
----+----
1 0 | 0 1
0 2 | 2 1
```

ಚಿಕ್ಕಬಳ್ಳಾಪುರದಿಂದ:
ಬರಿಯ D ಅಲ್ಲ. ನಾಲ್ಕು ಸಂಖ್ಯೆಗಳಿದ್ದರೆ d − bc/a ಬರುವಂತೆ, ಇಲ್ಲಿ D − CBA⁻¹ ಎಂದು ತೆಗೆದುಕೊಳ್ಳಬೇಕು. ಲೆಕ್ಕ ಹಾಕಿದರೆ ಮೊದಲ ಅಡ್ಡಸಾಲು ಪೂರ್ತಿ ಸೊನ್ನೆಯಾಗುತ್ತದೆ. ಆದ್ದರಿಂದ ಈ ಮಾತೃಕೆಗೆ ವಿಲೋಮವೇ ಇಲ್ಲ. ಉದಾಹರಣೆಯಲ್ಲಿ ಅಚ್ಚಿನ ತಪ್ಪಿರಬೇಕು.

ತುಮಕೂರಿನಿಂದ, ನಿವೃತ್ತ ಉಪನ್ಯಾಸಕರು:
ಸಂಖ್ಯೆಗಳ ಹೋಲಿಕೆ ಸರಿಯಾದ ದಾರಿಯನ್ನೇ ತೋರಿಸುತ್ತದೆ, ಆದರೆ ಖಂಡಗಳನ್ನು ಗುಣಿಸುವಾಗ ಕ್ರಮವನ್ನು ಬದಲಿಸುವಂತಿಲ್ಲ. Ax + By = p, Cx + Dy = q ಎಂಬ ಎರಡು ಸಮೀಕರಣಗಳನ್ನು ಬರೆದುಕೊಳ್ಳಿ. ಮೊದಲನೆಯದರಿಂದ x = A⁻¹(p − By) ಎಂದು ತೆಗೆದು ಎರಡನೆಯದಕ್ಕೆ ಹಾಕಿದರೆ, y ಯ ಗುಣಕವಾಗಿ D − CA⁻¹B ಉಳಿಯುತ್ತದೆ. A ಯ ಪಾತ್ರವನ್ನು ಕಳೆದ ಮೇಲೆ D ಯ ಸ್ಥಾನದಲ್ಲಿ ಉಳಿಯುವ ಇದನ್ನೇ ಪೂರಕವೆನ್ನುತ್ತಾರೆ. ಇಸೈ ಶೂರ್ ಅವರ ಹೆಸರನ್ನು ಇದಕ್ಕೆ ಜೋಡಿಸಿದವರು ಎಮಿಲಿ ಹೇನ್ಸ್‌ವರ್ತ್, 1968ರಲ್ಲಿ.

ಈ ಉದಾಹರಣೆಯಲ್ಲಿ CA⁻¹B ಯ ಸಾಲುಗಳು (−1, 1) ಮತ್ತು (2, 0). ಅವನ್ನು D ಯಿಂದ ಕಳೆದರೆ ಏಕಮಾತೃಕೆಯೇ ಸಿಗುತ್ತದೆ, ಆದ್ದರಿಂದ ಪೂರಕದ ವಿಲೋಮಕ್ಕೆ ಬೇರೆ ಶ್ರಮವೇ ಬೇಡ. ಆಗ ವಿಲೋಮದ ಬಲ ಮೇಲಿನ ಖಂಡ −A⁻¹B, ಎಡ ಕೆಳಗಿನದು −CA⁻¹, ಎಡ ಮೇಲಿನದು A⁻¹ + A⁻¹BCA⁻¹:

```
 0  2 |  1 -1
 1  0 | -1  0
------+------
-1  1 |  1  0
 0 -2 |  0  1
```

ಮೂಲದೊಂದಿಗೆ ಗುಣಿಸಿ ನೋಡಿ, ಏಕಮಾತೃಕೆ ಬರುತ್ತದೆ. ಅಚ್ಚಿನ ತಪ್ಪೇನೂ ಇಲ್ಲ. ಆದರೆ ಟಿಪ್ಪಣಿಯಲ್ಲಿ ಒಂದು ಮಾತು ಸೇರಬೇಕು: A ಗೆ ವಿಲೋಮವಿಲ್ಲದಿದ್ದರೂ ಇಡೀ ಮಾತೃಕೆಗೆ ಇರಬಹುದು. ಅಂಥಲ್ಲಿ D ಗೆ ವಿಲೋಮವಿದ್ದರೆ ಅದರಿಂದ ಆರಂಭಿಸಬೇಕು, ಇಲ್ಲವೇ ಅಡ್ಡಸಾಲುಗಳನ್ನು ಅದಲುಬದಲು ಮಾಡಬೇಕು.

ಚಿಕ್ಕಬಳ್ಳಾಪುರದಿಂದ, ಸಿವಿಲ್ ಇಂಜಿನಿಯರ್:
ನಮ್ಮ ಚಾವಣಿಯ ಟ್ರಸ್ ಲೆಕ್ಕದಲ್ಲಿ ಹೊರೆ ಬೀಳದ ಒಳಗಿನ ಕೀಲುಗಳನ್ನು ತೆಗೆದುಹಾಕಲು ಇದನ್ನೇ ಬಳಸುತ್ತೇವೆ, ಆದರೆ A⁻¹ ಅನ್ನು ಬಿಡಿಯಾಗಿ ಬರೆದಿಡುವುದಿಲ್ಲ. A ಯೊಂದಿಗಿನ ಸಮೀಕರಣಗಳನ್ನು B ಯ ಪ್ರತಿ ಕಂಬಸಾಲಿಗೂ ಬಿಡಿಸಿ A⁻¹B ಯನ್ನು ನೇರವಾಗಿ ಪಡೆಯುತ್ತೇವೆ. A ವಿಲೋಮವಿಲ್ಲದ ಸ್ಥಿತಿಗೆ ತೀರಾ ಹತ್ತಿರವಿದ್ದರೆ ದಶಮಾಂಶದ ಅಂಕಿಗಳು ಕೆಡುತ್ತವೆ, ಮತ್ತು ಅದು ಗೊತ್ತಾಗುವುದು ಉತ್ತರವನ್ನು ಮೂಲ ಸಮೀಕರಣಕ್ಕೆ ಹಾಕಿ ನೋಡಿದಾಗ ಮಾತ್ರ. ಇನ್ನು ‘ಪೂರಕ’ ಎಂಬುದಕ್ಕಿಂತ ‘ಸಂಕ್ಷಿಪ್ತ ಖಂಡ’ ಎಂದರೆ ನಮ್ಮವರಿಗೆ ಬೇಗ ತಿಳಿಯುತ್ತದೆ.

ತುಮಕೂರಿನಿಂದ:
ಟ್ರಸ್‌ಗೆ ಅದು ಹೊಂದುತ್ತದೆ. ನಾಲ್ಕು ಖಂಡಗಳೂ ಒಂದೇ ಗಾತ್ರದವಾಗಿರುವ ಈ ಉದಾಹರಣೆಯಲ್ಲಿ ಸಂಕ್ಷೇಪವಾದದ್ದು ಯಾವುದು ಎಂದು ವಿದ್ಯಾರ್ಥಿ ಕೇಳಿದರೆ ಏನು ಹೇಳುತ್ತೀರಿ?