ಅಪ್‌ಡೇಟ್: ಮಗಳ ಭಾಷಣ ಮತ್ತು 19ನೇ ಗೇಟು

ನನ್ನ ಪ್ರಶ್ನೆ: ‘ಹತ್ತು ವರ್ಷದ ಮಗಳು ಶಾಲಾ ಸ್ಪರ್ಧೆಯಲ್ಲಿ ನೀರಿನ ಬಗ್ಗೆ ಎರಡು ನಿಮಿಷ ಮಾತನಾಡಬೇಕಿದೆ. ನಾನು ಬರೆದುಕೊಟ್ಟರೆ ಅದು ಅವಳ ಮಾತೆನಿಸುವುದಿಲ್ಲ. ಏನು ಮಾಡಲಿ?’

ತಾವು ಸೂಚಿಸಿದಂತೆ ‘ನೀರು’ ಎಂಬ ವಿಶಾಲ ವಿಷಯವನ್ನು ಬಿಟ್ಟು, ಕೊಪ್ಪಳದ ನಮಗೆ ಹತ್ತಿರದ ತುಂಗಭದ್ರಾ ಅಣೆಕಟ್ಟೆಯಲ್ಲಿ 2024ರ ಆಗಸ್ಟ್‌ನಲ್ಲಿ ನಡೆದ ಒಂದೇ ಘಟನೆಯನ್ನು ಆರಿಸಿಕೊಂಡೆವು. ಮೊದಲು ಅವಳಿಂದ ಕಥೆ ಹೇಳಿಸಿ ಮೊಬೈಲಿನಲ್ಲಿ ಧ್ವನಿ ಮುದ್ರಿಸಿಕೊಂಡು, ಅದನ್ನೇ ಕಾಗದಕ್ಕಿಳಿಸಿದೆ. ಗಟ್ಟಿಯಾಗಿ ಓದುವಾಗ ಅವಳು ತಡವರಿಸಿದ ವಾಕ್ಯಗಳೆಲ್ಲ ನಾನು ಸೇರಿಸಿದವೇ ಆಗಿದ್ದುದರಿಂದ ಅವುಗಳನ್ನು ತೆಗೆದುಹಾಕಿದೆ. ಉಳಿದ ಭಾಗ ಹೀಗಿದೆ:

‘ನಮ್ಮ ಡ್ಯಾಮಿಗೆ 33 ಗೇಟು ಅದಾವ. ಒಂದಿನ ರಾತ್ರಿ 19ನೇ ಗೇಟಿನ ಚೈನು ಹರೀತು, ಗೇಟು ಕೊಚ್ಚಿಕೊಂಡು ಹೋತು. ಎರಡನೇ ಬೆಳಿಗೆ ನೀರು ಸಿಗತೈತೋ ಇಲ್ಲೋ ಅಂತ ನಮ್ಮಜ್ಜ ಉಣ್ಣಲೇ ಇಲ್ಲ. ಆಮ್ಯಾಲೆ ಹರಿಯೋ ನೀರಿನಾಗ ದೊಡ್ಡ ಕಬ್ಬಿಣದ ಹಲಗಿ ಒಂದರ ಮ್ಯಾಲೊಂದು ಇಳಿಸಿ ಮುಚ್ಚಿದ್ರು. ಅವತ್ತು ಅಜ್ಜ ಎರಡು ರೊಟ್ಟಿ ಜಾಸ್ತಿ ತಿಂದ.’

ಶಿಕ್ಷಕಿಯವರು ಗ್ರಾಂಥಿಕ ಭಾಷೆ ಬೇಕೆಂದಾಗ ಆರಂಭದ ವಂದನೆಯನ್ನು ಮಾತ್ರ ಬದಲಿಸಿದೆವು. ಅವಳಿಗೆ ಎರಡನೆಯ ಸ್ಥಾನ ದೊರೆಯಿತು. ತೀರ್ಪುಗಾರರು ಗೇಟಿನ ಬಗ್ಗೆ ಕೇಳಿದ ಪ್ರಶ್ನೆಗೂ ಕಾಗದ ನೋಡದೆ ಉತ್ತರಿಸಿದಳು.